ನಾಲ್ಕು ಬೆಲೆಚೀಟಿ, ಒಂದು ಬ್ಯಾಟರಿ: ಕೊಡಗಿನ ಮಳೆಗಾಲಕ್ಕೆ ಇನ್ವರ್ಟರ್ ಬ್ಯಾಟರಿ ಆರಿಸುವ ಲೆಕ್ಕ

ನಾಪೋಕ್ಲು ಹತ್ತಿರದ ಅಕ್ಕನ ಮನೆಯಲ್ಲಿ 200 ಎಎಚ್‌ನ, ಅಂದರೆ 200 ಆಂಪಿಯರ್-ಅವರ್ ಹಿಡಿಸುವ ಟ್ಯೂಬುಲರ್ ಬ್ಯಾಟರಿ ಇತ್ತು. ಅದರ ಮೈಮೇಲೆ ದಪ್ಪ ಅಕ್ಷರಗಳಲ್ಲಿ 60 ತಿಂಗಳ ವಾರಂಟಿ ಎಂದು ಅಚ್ಚಾಗಿತ್ತು. ಮೂವತ್ತೊಂದನೆಯ ತಿಂಗಳಿನಲ್ಲಿ, ಕಕ್ಕಡದ ಜಡಿಮಳೆಯ ನಡುವೆ, ಅದು ಎರಡೇ ಗಂಟೆಗೆ ಕೂಗಿಕೊಂಡು ನಿಲ್ಲತೊಡಗಿತು. ಭಾವ ಅದನ್ನು ಜೀಪಿಗೆ ಹಾಕಿಕೊಂಡು ಅಂಗಡಿಗೆ ಒಯ್ದರು. ಮೂರು ದಿನ ಚಾರ್ಜಿಗಿಟ್ಟು, ಪರೀಕ್ಷೆ ಮಾಡಿ, "ಬ್ಯಾಟರಿಯಲ್ಲಿ ದೋಷವಿಲ್ಲ" ಎಂದು ವಾಪಸ್ ಕೊಟ್ಟರು. ನಲವತ್ತೆರಡನೆಯ ತಿಂಗಳಿನಲ್ಲಿ ಅದು ಪೂರ್ತಿ ಕೈಕೊಟ್ಟಾಗ ವಾರಂಟಿ ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು. ಆದರೂ ಆ ವಾರಂಟಿಯಲ್ಲಿ ಹೊಸ ಬ್ಯಾಟರಿ ತೆಗೆದುಕೊಳ್ಳುವುದಕ್ಕಿಂತ, ಹಳೆಯದನ್ನು ವಿನಿಮಯಕ್ಕೆ ಹಾಕಿ ಬೇರೆ ಅಂಗಡಿಯಲ್ಲಿ ಕೊಳ್ಳುವುದೇ ಅಗ್ಗವಾಗಿತ್ತು.

ಅಂಗಡಿಯವರು ಸುಳ್ಳು ಹೇಳಿರಲಿಲ್ಲ. 200 ಎಂಬ ಅಂಕಿ, 60 ಎಂಬ ಅಂಕಿ, ಬೆಲೆಯ ಅಂಕಿ, ಮೂರೂ ನಿಜವೇ. ಆದರೆ ನಾವು ಅವುಗಳಿಗೆ ಕೊಟ್ಟುಕೊಂಡ ಅರ್ಥ ತಪ್ಪಾಗಿತ್ತು. ಈ ಸಲ ಕೊಳ್ಳುವ ಮೊದಲು ಅಕ್ಕನ ಮನೆಗಾಗಿ ನಾನು ಮಾಡಿದ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಕೆಳಗೆ ಬರೆಯುತ್ತೇನೆ. ಬೆಲೆಗಳು ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಲೆಕ್ಕದ ದಾರಿಯನ್ನು ಇಟ್ಟುಕೊಂಡು ನಿಮ್ಮ ಊರಿನ ಬೆಲೆ ಹಾಕಿ ನೋಡಿ.

ಒಂದು: ರಾತ್ರಿಯ ಖರ್ಚು ಎಷ್ಟು?

ಬೆಲೆ ಕೇಳುವ ಮೊದಲು ಮನೆಯ ಖರ್ಚನ್ನು ಬರೆದುಕೊಳ್ಳಬೇಕು. ಬಯಲುಸೀಮೆಯವರ ಪಟ್ಟಿಯಲ್ಲಿ ಮೊದಲು ಬರುವುದು ಫ್ಯಾನು. ನಮ್ಮಲ್ಲಿ ಕರೆಂಟ್ ನಿಜವಾಗಿ ಕಾಡುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಫ್ಯಾನು ತಿರುಗುವುದೇ ಇಲ್ಲ. ಅಕ್ಕನ ಮನೆಯಲ್ಲಿ 9 ವ್ಯಾಟಿನ ಆರು ಎಲ್‌ಇಡಿ ಬಲ್ಬುಗಳು, ಒಂದು ಟಿವಿ, ಇಂಟರ್ನೆಟ್ ರೌಟರ್, ಎರಡು ಮೊಬೈಲ್ ಚಾರ್ಜರ್ ಸೇರಿ ಸುಮಾರು 130 ವ್ಯಾಟ್. ಸಂಜೆ ಐದು ಗಂಟೆ ಇದು ನಡೆಯುತ್ತದೆ ಎಂದರೆ 650 ವ್ಯಾಟ್-ಅವರ್. ಆಮೇಲೆ ಬೆಳಗಿನವರೆಗೆ ಎರಡು ಬಲ್ಬು ಮತ್ತು ರೌಟರ್, ಸುಮಾರು 30 ವ್ಯಾಟ್, ಏಳು ಗಂಟೆ: 210. ಒಟ್ಟು 860.

ಈಗ ಬ್ಯಾಟರಿ ಏನು ಕೊಡುತ್ತದೆ ಎಂದು ನೋಡೋಣ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಆದರೆ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ. ಹಾಗಾಗಿ ನಾನು ಆ ಅಂಕಿಯನ್ನು 0.6ರಿಂದ ಗುಣಿಸುತ್ತೇನೆ. 150 ಎಎಚ್‌ಗೆ 1,080, 200 ಎಎಚ್‌ಗೆ 1,440 ಬರುತ್ತದೆ. ಅಕ್ಕನ ಮನೆಗೆ ಒಂದು ರಾತ್ರಿಗೆ 150 ಸಾಕು, ಸ್ವಲ್ಪ ಮಿಗುತ್ತದೆ ಕೂಡ.

ಇಲ್ಲೊಂದು ಸಣ್ಣ ಅಕ್ಷರವನ್ನು ಗಮನಿಸಬೇಕು. ಬ್ಯಾಟರಿಯ ಮೇಲೆ 150ರ ಪಕ್ಕದಲ್ಲಿ ಸಿ20 ಅಥವಾ ಸಿ10 ಎಂದು ಇರುತ್ತದೆ. ಸಿ20 ಎಂದರೆ ಇಪ್ಪತ್ತು ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಅಷ್ಟು ಸಿಗುತ್ತದೆ. ಸಿ10 ಎಂದರೆ ಹತ್ತೇ ಗಂಟೆಗಳಲ್ಲಿ ಖಾಲಿ ಮಾಡಿದರೂ ಅಷ್ಟು ಸಿಗುತ್ತದೆ. ಸೀಸದ ಬ್ಯಾಟರಿಯಿಂದ ಬೇಗ ಬೇಗ ಎಳೆದಷ್ಟೂ ಸಿಗುವ ಒಟ್ಟು ಮೊತ್ತ ಕಡಿಮೆ. ಆದ್ದರಿಂದ ಸಿ10ರ 150, ಸಿ20ರ 150ಕ್ಕಿಂತ ನಿಜಕ್ಕೂ ದೊಡ್ಡ ಬ್ಯಾಟರಿ, ಅದರ ಬೆಲೆಯೂ ಹೆಚ್ಚು. ಸೋಲಾರ್‌ಗೆಂದು ಮಾರುವ ಬ್ಯಾಟರಿಗಳಿಗೆ ಸಾಮಾನ್ಯವಾಗಿ ಸಿ10 ಅಳತೆ ಇರುತ್ತದೆ. ಎರಡು ಚೀಟಿಗಳನ್ನು ಹೋಲಿಸುವಾಗ ಎರಡರಲ್ಲೂ ಒಂದೇ ಅಳತೆ ಇರಬೇಕು.

ಎರಡು: ತುಂಬಲು ಸಮಯ ಸಿಗುತ್ತದೆಯೇ?

ಕೊಡಗಿನಲ್ಲಿ ನಿರ್ಧಾರ ಆಗಬೇಕಾದದ್ದು ಇಲ್ಲಿ. ಹೆಚ್ಚಿನವರು ಈ ಲೆಕ್ಕವನ್ನು ಮಾಡುವುದೇ ಇಲ್ಲ. ನಮ್ಮ ವಿದ್ಯುತ್ ತಂತಿಗಳು ತೋಟಗಳ ನಡುವೆ, ಸಿಲ್ವರ್ ಓಕ್ ಮತ್ತು ನೆರಳಿನ ಮರಗಳ ಕೆಳಗೆ ಹಾದುಬರುತ್ತವೆ. ಗಾಳಿ ಮಳೆಗೆ ಕೊಂಬೆ ಬಿದ್ದರೆ ಇಡೀ ಊರು ಕತ್ತಲು. ಸೆಸ್ಕ್‌ನ ಲೈನ್‌ಮನ್‌ಗಳು ಮಳೆಯಲ್ಲೇ ನೆನೆಯುತ್ತ ಒಂದು ಕಡೆ ಸರಿಪಡಿಸುವಷ್ಟರಲ್ಲಿ ಇನ್ನೊಂದು ಕಡೆ ಮರ ಬಿದ್ದಿರುತ್ತದೆ. ಇಂಥ ವಾರಗಳಲ್ಲಿ ಕರೆಂಟ್ ದಿನಕ್ಕೆ ನಾಲ್ಕೈದು ಗಂಟೆ ಬಂದರೆ ಪುಣ್ಯ.

ಅಕ್ಕನ ಮನೆಯ ಒಂದು ರಾತ್ರಿಯ ಖರ್ಚನ್ನು ಬ್ಯಾಟರಿಯ ಕಡೆಯಿಂದ ನೋಡಿದರೆ, 860ನ್ನು 12 ವೋಲ್ಟಿನಿಂದ ಭಾಗಿಸಿ ಇನ್ವರ್ಟರ್ ತಿನ್ನುವುದನ್ನೂ ಸೇರಿಸಿ, ಸುಮಾರು 90 ಎಎಚ್. ಇನ್ವರ್ಟರ್ 12 ಆಂಪಿಯರ್‌ನಲ್ಲಿ ಚಾರ್ಜ್ ಮಾಡುತ್ತಿತ್ತು. ದಿನಕ್ಕೆ ಐದು ಗಂಟೆ ಕರೆಂಟ್ ಬಂದರೆ 60 ಒಳಗೆ ಹೋಗುತ್ತದೆ, ನಷ್ಟ ಕಳೆದು ನಿಲ್ಲುವುದು ಸುಮಾರು 50. ಖರ್ಚು 90, ಜಮೆ 50.

150 ಎಎಚ್ ಬ್ಯಾಟರಿ ಪೂರ್ತಿ ತುಂಬಿದೆ ಎಂದುಕೊಳ್ಳಿ. ಮೊದಲ ರಾತ್ರಿ ಕಳೆದಾಗ 60 ಉಳಿಯುತ್ತದೆ. ಹಗಲು ತುಂಬಿ 110 ಆಗುತ್ತದೆ. ಎರಡನೆಯ ರಾತ್ರಿಯ ಕೊನೆಗೆ 20ಕ್ಕೆ ಇಳಿಯಬೇಕು, ಅಂದರೆ ಬೆಳಗಾಗುವ ಮೊದಲೇ ಇನ್ವರ್ಟರ್ ನಿಲ್ಲುತ್ತದೆ. 200 ಎಎಚ್ ಬ್ಯಾಟರಿ ಇದೇ ಲೆಕ್ಕದಲ್ಲಿ ಮೂರನೆಯ ರಾತ್ರಿ ಸೋಲುತ್ತದೆ. ಐದು ಸಾವಿರ ರೂಪಾಯಿ ಹೆಚ್ಚು ಕೊಟ್ಟು ನಾವು ಪಡೆದದ್ದು ಒಂದು ರಾತ್ರಿ. ಆಮೇಲೆ ಆ ದೊಡ್ಡ ಬ್ಯಾಟರಿ ಜುಲೈ ಇಡೀ ಅರೆಹೊಟ್ಟೆಯಲ್ಲೇ ಇರುತ್ತದೆ.

ಅರೆಹೊಟ್ಟೆಯೇ ಅದರ ಸಾವಿಗೆ ಕಾರಣ. ಸೀಸದ ಬ್ಯಾಟರಿ ಖಾಲಿಯಾಗುವಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಪೂರ್ತಿ ಚಾರ್ಜ್ ಮಾಡಿದರೆ ಅದು ಕರಗಿ ಆಮ್ಲಕ್ಕೆ ಮರಳುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಆ ಜಾಗ ಕೆಲಸಕ್ಕೆ ಬರುವುದಿಲ್ಲ. ಬಿಸಿಲೂರುಗಳಲ್ಲಿ ಬ್ಯಾಟರಿಯನ್ನು ಸೆಕೆ ತಿನ್ನುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಅಂದಾಜು. ನಮ್ಮ ತಂಪು ಆ ಕಾಟದಿಂದ ಕಾಪಾಡುತ್ತದೆ. ನಮ್ಮ ಬ್ಯಾಟರಿಗಳು ಸಾಯುವುದು ಹೆಚ್ಚಾಗಿ ಈ ಸಲ್ಫೇಟ್‌ನಿಂದ.

ಹಾಗಾದರೆ ಉಪಾಯವೇನು? ಕೆಲವು ಇನ್ವರ್ಟರ್‌ಗಳ ಹಿಂಬದಿಯಲ್ಲಿ ಚಾರ್ಜಿಂಗ್ ಆಂಪಿಯರ್ ಹೆಚ್ಚಿಸುವ ಸ್ವಿಚ್ ಇರುತ್ತದೆ. ಅಕ್ಕನ ಮನೆಯದರಲ್ಲೂ ಇತ್ತು. 18 ಆಂಪಿಯರ್‌ಗೆ ಇಟ್ಟರೆ ಐದು ಗಂಟೆಯಲ್ಲಿ ನಿಲ್ಲುವುದು 75. ಆಗ 150 ಎಎಚ್ ಬ್ಯಾಟರಿಯೂ ಎರಡು ರಾತ್ರಿಯನ್ನು ಸಲೀಸಾಗಿ ದಾಟಿ ಮೂರನೆಯ ರಾತ್ರಿಯ ಕೊನೆಯವರೆಗೆ ಬರುತ್ತದೆ. 200 ಎಎಚ್ ಕೊಟ್ಟಷ್ಟನ್ನೇ ಇದೂ ಕೊಟ್ಟಂತಾಯಿತು. ಟ್ಯೂಬುಲರ್ ಬ್ಯಾಟರಿಗೆ ಅದರ ಎಎಚ್‌ನ ಹತ್ತರಿಂದ ಹದಿನೈದು ಶೇಕಡಾ ಆಂಪಿಯರ್ ಸಮಾಧಾನದ ವೇಗ, ಹಾಗಾಗಿ 150ಕ್ಕೆ 18 ಜಾಸ್ತಿಯಲ್ಲ. ನಿಮ್ಮ ಇನ್ವರ್ಟರ್ 10 ಆಂಪಿಯರ್‌ಗಿಂತ ಮೇಲೆ ಹೋಗುವುದಿಲ್ಲ ಎಂದಾದರೆ ದೊಡ್ಡ ಬ್ಯಾಟರಿಗೆ ದುಡ್ಡು ಹಾಕಬೇಡಿ.

ಮೂರು: ವಾರಂಟಿ ಕಾರ್ಡಿನ ಹಿಂಬದಿ

"60 ತಿಂಗಳು" ಎಂಬುದು ಹೆಚ್ಚಿನ ಸಲ ಎರಡು ಅಂಕಿಗಳ ಮೊತ್ತ. ಕಾರ್ಡಿನಲ್ಲಿ 36+24 ಎಂದು ಇದ್ದರೆ ಮೊದಲ 36 ತಿಂಗಳು ಮಾತ್ರ ಪುಕ್ಕಟೆ ಬದಲಿ. ಉಳಿದ 24 ತಿಂಗಳು ಪ್ರೋ-ರೇಟಾ, ಅಂದರೆ ಹೊಸ ಬ್ಯಾಟರಿಗೆ ರಿಯಾಯಿತಿ ಅಷ್ಟೇ. ಆ ರಿಯಾಯಿತಿ ನೀವು ಕೊಟ್ಟ ಬೆಲೆಯ ಮೇಲಲ್ಲ, ಬ್ಯಾಟರಿಯ ಮೇಲೆ ಅಚ್ಚಾಗಿರುವ ಗರಿಷ್ಠ ಮಾರಾಟ ಬೆಲೆಯ ಮೇಲೆ ಸಿಗುವುದೇ ರೂಢಿ. ಅಂಗಡಿಯಲ್ಲಿ ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ.

ಅಕ್ಕನ ಬ್ಯಾಟರಿಯ ಲೆಕ್ಕ ಹೀಗಿತ್ತು. ಅದೇ 200 ಎಎಚ್ ಮಾದರಿಯ ಅಚ್ಚಿನ ಬೆಲೆ 27,000. ನಲವತ್ತೆರಡನೆಯ ತಿಂಗಳಿಗೆ ಕಾರ್ಡಿನ ಕೋಷ್ಟಕದಲ್ಲಿ 30 ಶೇಕಡಾ ರಿಯಾಯಿತಿ. ಕೊಡಬೇಕಾದದ್ದು 18,900, ಜೊತೆಗೆ ಹಳೆಯ ಬ್ಯಾಟರಿಯನ್ನೂ ಒಪ್ಪಿಸಬೇಕು. ಪಕ್ಕದ ಅಂಗಡಿಯಲ್ಲಿ ಅದೇ ಬ್ಯಾಟರಿಯ ಮಾರುಕಟ್ಟೆ ಬೆಲೆ 20,500, ಹಳೆಯದಕ್ಕೆ 4,000 ಕಳೆದರೆ 16,500. ವಾರಂಟಿಯನ್ನು ಬಳಸಿದ್ದರೆ 2,400 ರೂಪಾಯಿ ಕೈಯಿಂದ ಹೋಗುತ್ತಿತ್ತು. ಅಂದಿನಿಂದ ನಾನು ಪ್ರೋ-ರೇಟಾ ತಿಂಗಳುಗಳನ್ನು ಸೊನ್ನೆ ಎಂದೇ ಹಿಡಿಯುತ್ತೇನೆ. ಕೂಡುಚಿಹ್ನೆಯ ಎಡಗಡೆಯ ಅಂಕಿ ಮಾತ್ರ ನನ್ನ ಪಾಲಿಗೆ ವಾರಂಟಿ.

ಪುಕ್ಕಟೆ ಬದಲಿಯ ಅವಧಿಯಲ್ಲೂ ಒಂದು ಷರತ್ತಿದೆ. ಬದಲಿ ಸಿಗುವುದು ತಯಾರಿಕೆಯ ದೋಷಕ್ಕೆ. ಅಂಗಡಿಯವರು ಹೈಡ್ರೋಮೀಟರ್‌ನಿಂದ ಆರೂ ಸೆಲ್‌ಗಳ ಆಮ್ಲದ ಸಾಂದ್ರತೆ ನೋಡುತ್ತಾರೆ. ತುಂಬಿದ ಟ್ಯೂಬುಲರ್ ಬ್ಯಾಟರಿಯಲ್ಲಿ ಅದು 1.240ರ ಆಸುಪಾಸು ಇರುತ್ತದೆ. ಐದು ಸೆಲ್‌ಗಳು ಸರಿ ಇದ್ದು ಒಂದು ಮಾತ್ರ 1.180ಕ್ಕೆ ಬಿದ್ದಿದ್ದರೆ ಆ ಸೆಲ್ ಸತ್ತಿದೆ, ಇಂಥದ್ದಕ್ಕೆ ಬದಲಿ ಸಿಗುತ್ತದೆ. ಆರೂ ಒಟ್ಟಿಗೆ ತಗ್ಗಿದ್ದರೆ ಅದು ದೋಷವಲ್ಲ, ಚಾರ್ಜ್ ಸಾಲದು ಎಂದು ತೀರ್ಮಾನ. ಅಕ್ಕನ ಬ್ಯಾಟರಿಯಲ್ಲಿ ಆರೂ 1.150ರ ಬಳಿ ಇದ್ದವು. ಚಾರ್ಜ್ ಮಾಡಿ ವಾಪಸ್ ಕೊಟ್ಟದ್ದು ಅದಕ್ಕೇ. ಸಲ್ಫೇಟ್‌ನಿಂದ ಆದ ಹಾನಿ ವಾರಂಟಿಯ ಬಲೆಗೆ ಸುಲಭವಾಗಿ ಬೀಳುವುದಿಲ್ಲ ಎಂಬುದನ್ನು ಕೊಡಗಿನವರು ಕೊಳ್ಳುವ ಮೊದಲೇ ತಿಳಿದಿರಬೇಕು.

ಪುಕ್ಕಟೆಯಾಗಿ ಬದಲಿ ಸಿಕ್ಕಿದ ಬ್ಯಾಟರಿಗೆ ಹೊಸದಾಗಿ 36 ತಿಂಗಳು ಶುರುವಾಗುವುದಿಲ್ಲ, ಮೊದಲ ಖರೀದಿಯ ದಿನದಿಂದ ಉಳಿದ ಅವಧಿ ಮಾತ್ರ.

ನಾಲ್ಕು: ಚೀಟಿಗಳನ್ನು ಒಂದೇ ಅಳತೆಗೆ ತರುವುದು

ಮೇ ತಿಂಗಳಿನಲ್ಲಿ ಗೋಣಿಕೊಪ್ಪ, ಮಡಿಕೇರಿ ಮತ್ತು ಕುಶಾಲನಗರದಲ್ಲಿ ಕೇಳಿ ನಾಲ್ಕು ಬೆಲೆಗಳನ್ನು ಬರೆದುಕೊಂಡೆ. ಎಲ್ಲವೂ ತೆರಿಗೆ ಸೇರಿ, ಹಳೆಯ ಬ್ಯಾಟರಿ ಕೊಡದೆ.

ಫ್ಲಾಟ್ ಪ್ಲೇಟಿನ 150 ಎಎಚ್, 11,000 ರೂಪಾಯಿ, ವಾರಂಟಿ 18+18. ಎತ್ತರದ ಟ್ಯೂಬುಲರ್ 150 ಎಎಚ್, 15,500, ವಾರಂಟಿ 36+24. ಇನ್ನೊಂದು ಟ್ಯೂಬುಲರ್ 150 ಎಎಚ್, 17,800, 60 ತಿಂಗಳೂ ಪುಕ್ಕಟೆ ಬದಲಿ. ಕೊನೆಯದು ಹಳೆಯದರಂಥದ್ದೇ 200 ಎಎಚ್, 20,500, ವಾರಂಟಿ 36+24.

ಮೊದಲು ಬೆಲೆಯನ್ನು ಪುಕ್ಕಟೆ ಬದಲಿಯ ತಿಂಗಳುಗಳಿಂದ ಭಾಗಿಸಿದೆ. ಫ್ಲಾಟ್ ಪ್ಲೇಟಿಗೆ ತಿಂಗಳಿಗೆ 611 ರೂಪಾಯಿ ಬಂತು. ಎಲ್ಲಕ್ಕಿಂತ ಅಗ್ಗವಾಗಿ ಕಂಡದ್ದೇ ಎಲ್ಲಕ್ಕಿಂತ ದುಬಾರಿ. 200 ಎಎಚ್‌ಗೆ 569, ಎರಡನೆಯದಕ್ಕೆ 431, ಮೂರನೆಯದಕ್ಕೆ 297. ಇಲ್ಲಿಗೇ ನಿಲ್ಲಿಸಿದರೆ ಮೂರನೆಯದು ಸುಲಭವಾಗಿ ಗೆಲ್ಲುತ್ತದೆ. ಆದರೆ ಬ್ಯಾಟರಿ ವಾರಂಟಿ ಮುಗಿದ ದಿನವೇ ಸಾಯುವುದಿಲ್ಲವಲ್ಲ.

ಹಾಗಾಗಿ ಎರಡನೆಯ ಸಲ ನಿಜವಾದ ಆಯುಸ್ಸಿನಿಂದ ಭಾಗಿಸಿದೆ. ಫ್ಲಾಟ್ ಪ್ಲೇಟ್ ಬ್ಯಾಟರಿಗಳು ಮನೆ ಬಳಕೆಯಲ್ಲಿ ಎರಡರಿಂದ ಮೂರು ವರ್ಷ, ಸರಿಯಾಗಿ ಚಾರ್ಜ್ ಆಗುವ ಟ್ಯೂಬುಲರ್‌ಗಳು ನಾಲ್ಕರಿಂದ ಆರು ವರ್ಷ ಬಾಳುವುದನ್ನು ನಾನು ಕಂಡಿದ್ದೇನೆ. ಫ್ಲಾಟ್‌ಗೆ ಎರಡೂವರೆ ವರ್ಷ ಹಿಡಿದರೆ ತಿಂಗಳಿಗೆ 367. ಟ್ಯೂಬುಲರ್‌ಗೆ ಐದು ವರ್ಷ ಹಿಡಿದರೆ ಎರಡನೆಯದಕ್ಕೆ 258, ಮೂರನೆಯದಕ್ಕೆ 297, ದೊಡ್ಡದಕ್ಕೆ 342. ಈಗ ಎರಡನೆಯದೇ ಅಗ್ಗ! ಕ್ಯಾಟಲಾಗ್‌ನಲ್ಲಿ ಸಾವಿರಕ್ಕೂ ಹೆಚ್ಚು ಸಲ ಖಾಲಿ ಮಾಡಿ ತುಂಬಬಹುದು ಎಂದು ಬರೆದಿರುವುದನ್ನು ನಾನು ಆಯುಸ್ಸಿನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಪ್ರತಿ ಸಲವೂ ಪೂರ್ತಿ ತುಂಬಿಸುವ ಪ್ರಯೋಗಾಲಯದ ಅಂಕಿ, ನಮ್ಮ ಜುಲೈ ತಿಂಗಳಿನದಲ್ಲ.

ಹೀಗೆ ನೋಡಿದಾಗ ಎರಡನೆಯದಕ್ಕೂ ಮೂರನೆಯದಕ್ಕೂ ಇರುವ 2,300 ರೂಪಾಯಿಯ ವ್ಯತ್ಯಾಸ ವಿಮೆಯ ಕಂತಿನಂತೆ. ಮೂವತ್ತೇಳರಿಂದ ಅರವತ್ತನೆಯ ತಿಂಗಳವರೆಗಿನ ಅವಧಿಗೆ ಆ ಕಂತು. ಆ ಅವಧಿಯಲ್ಲಿ ಒಂದು ಸೆಲ್ ಸತ್ತರೆ, ಹಳೆಯದಕ್ಕೆ 3,000 ಕಳೆದರೂ ಹೊಸದಕ್ಕೆ 12,500 ಬೇಕು. ಐದು ಬ್ಯಾಟರಿಗಳಲ್ಲಿ ಒಂದು ಆ ಎರಡು ವರ್ಷಗಳಲ್ಲಿ ಕೆಡುತ್ತದೆ ಎಂದು ನಿಮಗೆ ಅನ್ನಿಸಿದರೆ ಕಂತು ಕೊಡಬಹುದು. ಅದಕ್ಕಿಂತ ಕಡಿಮೆ ಎಂದು ಅನ್ನಿಸಿದರೆ ಬೇಡ. ಆದರೆ ಇನ್ನೊಂದನ್ನೂ ನೋಡಬೇಕು: ಬದಲಿಯನ್ನು ಎಲ್ಲಿ ಕೊಡುತ್ತಾರೆ? ಪರೀಕ್ಷೆಗೆ ಬ್ಯಾಟರಿಯನ್ನು ಮೈಸೂರಿಗೆ ಕಳಿಸಬೇಕಾದರೆ, ಮಳೆಗಾಲದಲ್ಲಿ ಅದು ಹೋಗಿ ಬರುವಷ್ಟು ದಿನ ಮನೆ ಕತ್ತಲಲ್ಲಿರುತ್ತದೆ. ಪರೀಕ್ಷೆ ಅಂಗಡಿಯಲ್ಲೇ ಆಗುತ್ತದೆಯೇ, ಅಲ್ಲಿಯವರೆಗೆ ಬದಲಿ ಬ್ಯಾಟರಿ ಇಟ್ಟುಕೊಡುತ್ತಾರೆಯೇ ಎಂದು ಕೇಳಿ, ಹೌದೆಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಲಿಥಿಯಂ ಬ್ಯಾಟರಿಯ ಬಗ್ಗೆಯೂ ಭಾವ ಕೇಳಿದರು. ಅರೆಹೊಟ್ಟೆಯಲ್ಲಿ ಇದ್ದರೂ ಅದಕ್ಕೆ ಹಾನಿಯಿಲ್ಲ, ಬೇಗ ತುಂಬುತ್ತದೆ, ನೀರು ಹಾಕುವ ಕೆಲಸವಿಲ್ಲ. ನಮ್ಮ ಮಳೆಗಾಲಕ್ಕೆ ಸ್ವಭಾವದಿಂದ ಅದೇ ಒಳ್ಳೆಯದು. ಆದರೆ ಬೆಲೆ ಬಹಳ ಹೆಚ್ಚು, ಅದಕ್ಕೆ ಹೊಂದುವ ಇನ್ವರ್ಟರ್ ಬೇಕು, ಒಳಗಿನ ನಿಯಂತ್ರಕ ಕೆಟ್ಟರೆ ಹತ್ತಿರದಲ್ಲಿ ಸರಿಪಡಿಸುವವರು ಬೇಕು. ಇನ್ವರ್ಟರನ್ನೂ ಹೊಸದಾಗಿ ಕೊಳ್ಳುವವರು ವಿಚಾರಿಸಲೇಬೇಕು. ಅಕ್ಕನ ಹಳೆಯ ಇನ್ವರ್ಟರ್‌ಗೆ ಅದು ಹೊಂದುತ್ತಿರಲಿಲ್ಲ.

ಐದು: ಅಂಗಡಿಯಲ್ಲಿ

ಹೂಮಳೆ ಮುಗಿದು ಮುಂಗಾರು ಶುರುವಾಗುವ ಮೊದಲು ಕೊಳ್ಳಿ. ಜೂನ್‌ನಲ್ಲಿ ಮೊದಲ ಮರ ಬಿದ್ದ ಮೇಲೆ ಹೋದರೆ ಅಂಗಡಿಯಲ್ಲಿ ಉಳಿದಿರುವುದನ್ನೇ ತರಬೇಕಾಗುತ್ತದೆ. ತಯಾರಾದ ತಿಂಗಳನ್ನು ಕ್ರಮಸಂಖ್ಯೆಯಲ್ಲಿ ತೋರಿಸಿ ಎಂದು ಕೇಳಿ. ಆಮ್ಲ ತುಂಬಿದ ಬ್ಯಾಟರಿ ಸುಮ್ಮನೆ ಇಟ್ಟರೂ ತಿಂಗಳಿಗೆ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತದೆ. ಆರು ತಿಂಗಳು ಮೂಲೆಯಲ್ಲಿ ಕುಳಿತದ್ದಕ್ಕೆ ಸಲ್ಫೇಟ್ ಆಗಲೇ ಹಿಡಿದಿರಬಹುದು. ಮೂರು ತಿಂಗಳೊಳಗಿನದನ್ನೇ ಕೇಳಿ ಪಡೆಯಿರಿ, ಹಣ ಕೊಡುವ ಮೊದಲು ಹೈಡ್ರೋಮೀಟರ್ ಹಾಕಿಸಿ ಆರೂ ಸೆಲ್ ನೋಡಿ.

ಒಂದೇ ಬಗೆಯ, ಒಂದೇ ಎಎಚ್‌ನ ಎರಡು ಬ್ಯಾಟರಿಗಳ ನಡುವೆ ಮನಸ್ಸು ತೂಗಾಡಿದರೆ ಅವನ್ನೇ ತೂಗಿ ನೋಡಿ. ಸೀಸ ಹೆಚ್ಚಿದ್ದರೆ ತೂಕ ಹೆಚ್ಚು. ಆಮ್ಲವಿಲ್ಲದ ತೂಕವನ್ನು ತಯಾರಕರು ಮಾಹಿತಿ ಪತ್ರದಲ್ಲಿ ಕೊಟ್ಟಿದ್ದರೆ ಅದನ್ನೇ ಹೋಲಿಸುವುದು ಸರಿ, ಏಕೆಂದರೆ ದೊಡ್ಡ ಡಬ್ಬಿಗೆ ಹೆಚ್ಚು ಆಮ್ಲ ತುಂಬಿದರೂ ತೂಕ ಬರುತ್ತದೆ. ಮನೆಗೆ ತಂದ ಮೇಲೆ ಕಾಫಿ ಮೂಟೆ ತೂಗುವ ತಕ್ಕಡಿಯಲ್ಲಿ ಇಟ್ಟು, ಪತ್ರದಲ್ಲಿರುವ ಅಂಕಿಗೆ ತಾಳೆಯಾಗುತ್ತದೆಯೇ ಎಂದು ನೋಡಬಹುದು. ಅಕ್ಕನ ಮನೆಯಲ್ಲಿ ಹಾಗೆಯೇ ಮಾಡಿದೆವು.

ವಾರಂಟಿ ಕಾರ್ಡಿನಲ್ಲಿ ಮಾರಿದ ದಿನಾಂಕ, ಕ್ರಮಸಂಖ್ಯೆ, ಅಂಗಡಿಯ ಮುದ್ರೆ ಮೂರೂ ಇರಬೇಕು. ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲೂ ಬರೆಸಿ. ನಮ್ಮ ತೇವದಲ್ಲಿ ಕಾಗದ ಬೂಸಲು ಹಿಡಿಯುತ್ತದೆ, ಅಂದೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

ಆರು: ಐದು ವರ್ಷ ಬಾಳಿಸುವ ಮೂರು ಸ್ವಿಚ್‌ಗಳು

ಹಳೆಯ ಬ್ಯಾಟರಿ ಏಕೆ ಸತ್ತಿತು ಎಂಬ ಉತ್ತರ ಕೊನೆಗೆ ಸಿಕ್ಕಿದ್ದು ಇನ್ವರ್ಟರ್‌ನ ಬೆನ್ನಲ್ಲಿ. ಅಲ್ಲಿ ಬ್ಯಾಟರಿಯ ಬಗೆ ಆರಿಸುವ ಸ್ವಿಚ್ ಫ್ಲಾಟ್ ಎಂಬಲ್ಲಿ ಇತ್ತು. ಟ್ಯೂಬುಲರ್ ಬ್ಯಾಟರಿ ಪೂರ್ತಿ ತುಂಬಲು ಹೆಚ್ಚಿನ ವೋಲ್ಟೇಜ್ ಬೇಕು. ಫ್ಲಾಟ್‌ನಲ್ಲಿ ಇಟ್ಟರೆ ಅದು ಎಂದೂ ಪೂರ್ತಿ ತುಂಬುವುದಿಲ್ಲ. ಚಳಿಯಲ್ಲಿ ಬ್ಯಾಟರಿ ಇನ್ನೂ ಸ್ವಲ್ಪ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಹಾಗಾಗಿ ಈ ತಪ್ಪಿನ ಪೆಟ್ಟು ಬೇರೆ ಊರಿಗಿಂತ ನಮ್ಮಲ್ಲಿ ಜೋರು.

ಎರಡನೆಯದು ಯುಪಿಎಸ್ ಮತ್ತು ನಾರ್ಮಲ್ ನಡುವಿನ ಸ್ವಿಚ್. ಕೆಲವು ಇನ್ವರ್ಟರ್‌ಗಳಲ್ಲಿ ನಾರ್ಮಲ್ ಬದಲಿಗೆ ಇಕೋ ಎಂದಿರುತ್ತದೆ. ಯುಪಿಎಸ್ ಸ್ಥಾನದಲ್ಲಿ ಕರೆಂಟ್ ಸುಮಾರು 180 ವೋಲ್ಟಿಗಿಂತ ಇಳಿದರೆ ಇನ್ವರ್ಟರ್ ಅದನ್ನು ಒಪ್ಪದೆ ಬ್ಯಾಟರಿಗೆ ಹೊರಳುತ್ತದೆ. ಲೈನಿನ ತುದಿಯಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಅದಕ್ಕಿಂತ ಕೆಳಗೆ ಇರುವುದು ಮಾಮೂಲು. ಆಗ ಕರೆಂಟ್ ಇದ್ದೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ, ಚಾರ್ಜೂ ಆಗುವುದಿಲ್ಲ. ನಾರ್ಮಲ್ ಸ್ಥಾನದಲ್ಲಿ ಸುಮಾರು 100 ವೋಲ್ಟ್‌ವರೆಗೂ ಒಪ್ಪುತ್ತದೆ. ಕಂಪ್ಯೂಟರ್ ಇಲ್ಲದ ಮನೆಗೆ ಇದೇ ಸರಿ. ಮಳೆಗಾಲದಲ್ಲಿ ಸಣ್ಣ ಪೆಟ್ರೋಲ್ ಜನರೇಟರ್‌ನಿಂದ ಬ್ಯಾಟರಿ ತುಂಬಿಸುವವರೂ ಸ್ವಿಚ್ಚನ್ನು ನಾರ್ಮಲ್‌ನಲ್ಲೇ ಇಡಬೇಕು. ಯುಪಿಎಸ್‌ನಲ್ಲಿ ಜನರೇಟರ್‌ನ ಏರಿಳಿತವನ್ನು ಇನ್ವರ್ಟರ್ ತಳ್ಳಿಹಾಕುವುದೇ ಹೆಚ್ಚು.

ಮೂರನೆಯದು ಆಗಲೇ ಹೇಳಿದ ಚಾರ್ಜಿಂಗ್ ಆಂಪಿಯರ್.

ಆಮೇಲೆ ಉಳಿಯುವುದು ನೀರು ಮತ್ತು ಒಂದು ನೋಟ್‌ಬುಕ್. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಯಾವುದನ್ನೂ ಹಾಕಬಾರದು. ಬಾವಿಯ ನೀರು, ತೊರೆಯ ನೀರು, ಹೆಂಚಿನಿಂದ ಇಳಿದ ಮಳೆನೀರು ಎಷ್ಟು ತಿಳಿಯಾಗಿ ಕಂಡರೂ ಖನಿಜವೋ ಕೊಳೆಯೋ ಇದ್ದೇ ಇರುತ್ತದೆ, ವಾರಂಟಿಯೂ ಹೋಗುತ್ತದೆ. ತಿಂಗಳ ಮೊದಲ ದಿನ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವಾಗ, ಕೈಗವಸು ಹಾಕಿ ಕಣ್ಣು ದೂರವಿಟ್ಟು ಹೈಡ್ರೋಮೀಟರ್‌ನಿಂದ ಆರೂ ಸೆಲ್ ಓದಿ ಬರೆಯಿರಿ. ಪೂರ್ತಿ ಚಾರ್ಜ್ ಎಂದು ಇನ್ವರ್ಟರ್ ತೋರಿಸಿದರೂ ಎಲ್ಲವೂ 1.200ಕ್ಕಿಂತ ಕೆಳಗಿದ್ದರೆ ಚಾರ್ಜ್ ಸಾಲುತ್ತಿಲ್ಲ, ಸ್ವಿಚ್‌ಗಳನ್ನು ನೋಡಿ. ಒಂದು ಸೆಲ್ ಮಾತ್ರ ಹಿಂದೆ ಬಿದ್ದಿದ್ದರೆ, ವಾರಂಟಿಯ ಎಡಗಡೆಯ ಅಂಕಿ ಮುಗಿಯುವ ಮೊದಲು, ನೋಟ್‌ಬುಕ್ಕನ್ನೂ ಹಿಡಿದು ಅಂಗಡಿಗೆ ಹೋಗಿ.

ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಮೈನ್ ಸ್ವಿಚ್ ಆರಿಸಿ, ಅದೇ ಬಲ್ಬು ಅದೇ ಟಿವಿ ಹಾಕಿ, ಎಚ್ಚರಿಕೆಯ ಸದ್ದು ಬರುವವರೆಗೆ ಎಷ್ಟು ಗಂಟೆ ಆಯಿತೆಂದು ಬರೆದಿಡಿ. ಪರೀಕ್ಷೆ ಮುಗಿದ ಕೂಡಲೇ ಪೂರ್ತಿ ಚಾರ್ಜ್ ಮಾಡಿ. ಮೊದಲ ವರ್ಷ ಎಂಟು ಗಂಟೆ ಬಂದದ್ದು ಐದಕ್ಕೆ ಇಳಿದಿದ್ದರೆ ಆ ಬ್ಯಾಟರಿ ಮುಂದಿನ ಕಕ್ಕಡವನ್ನು ದಾಟಿಸುವುದಿಲ್ಲ, ಜೂನ್ ಬರುವ ಮೊದಲೇ ಬೆಲೆ ಕೇಳಲು ಶುರು ಮಾಡಿ.

ಅಕ್ಕ ಕೊನೆಗೆ ಕೊಂಡದ್ದು ಮೂರನೆಯದನ್ನು, 17,800ರ 150 ಎಎಚ್. ಅಂಗಡಿ ಮಡಿಕೇರಿಯಲ್ಲೇ ಇತ್ತು, ಪರೀಕ್ಷೆಯೂ ಅಲ್ಲೇ. ಹಳೆಯದಕ್ಕೆ 4,000 ಕಳೆದು 13,800 ಕೊಟ್ಟರು. ಅದನ್ನು ಕೂರಿಸಿದ ದಿನವೇ ಮೂರೂ ಸ್ವಿಚ್‌ಗಳನ್ನು ಸರಿಪಡಿಸಿ, ಯಾವುದು ಎಲ್ಲಿರಬೇಕೆಂದು ಇನ್ವರ್ಟರ್‌ನ ಮೇಲೆ ಚೀಟಿ ಬರೆದು ಅಂಟಿಸಿದೆ. ಆಗಸ್ಟ್ ಮೊದಲನೆಯ ತಾರೀಕು ಅಕ್ಕ ಫೋನಿನಲ್ಲಿ ಓದಿ ಹೇಳಿದ ಆರು ಅಂಕಿಗಳಲ್ಲಿ 1.225ಕ್ಕಿಂತ ಕೆಳಗಿನದು ಒಂದೂ ಇರಲಿಲ್ಲ.